ಕುಶಾಲನಗರದ ಫ್ಲ್ಯಾಟ್ ಅಗ್ರಿಮೆಂಟ್: ಮನೆ ಯಾವಾಗ, ತಡವಾದರೆ ಏನು, ಮೇಲಿನ ದುಡ್ಡು ಎಷ್ಟು?

ಪೂವಯ್ಯ: ಕುಶಾಲನಗರದಲ್ಲಿ 60 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. 4 ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ. ಅಗ್ರಿಮೆಂಟ್ ಕರಡು ಇಂಗ್ಲಿಷಿನಲ್ಲಿದೆ, 50 ಪುಟದ ಮೇಲಿದೆ. ಮೂರು ಷರತ್ತುಗಳ ಅರ್ಥ ಬರೆದು ಹಾಕುತ್ತೇನೆ. ಒಂದು, ಪ್ಲಾನ್ ಮಂಜೂರಾತಿ ಅಥವಾ ಪಾಯ ಶುರುವಾದ ದಿನ, ಇದರಲ್ಲಿ ಯಾವುದು ಕೊನೆಯದೋ ಅಲ್ಲಿಂದ 30 ತಿಂಗಳು, ಮೇಲೆ 6 ತಿಂಗಳ ಗ್ರೇಸ್. ಮಳೆ, ಕೂಲಿಯವರ ಕೊರತೆ, ಮರಳಿನ ಕೊರತೆ ಇದ್ದಷ್ಟು ಕಾಲ ಲೆಕ್ಕಕ್ಕಿಲ್ಲ. ಎರಡು, ತಡವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ; ನಾನು ಕಂತು ತಡ ಮಾಡಿದರೆ 18% ಬಡ್ಡಿ. ಮೂರು, ಕರೆಂಟ್, ನೀರು, ಪಾರ್ಕಿಂಗ್, ಲೀಗಲ್, ಮೇಂಟೆನೆನ್ಸ್ ಎಲ್ಲ ಪೊಸೆಷನ್ ಸಮಯದಲ್ಲಿ ಬಿಲ್ಡರ್ ತಿಳಿಸಿದಷ್ಟು. ಪಾಯ 2025ರ ಅಕ್ಟೋಬರ್ 1ಕ್ಕೆ ಶುರುವಾಗಿದೆ. ಇದರ ಸಾರಾಂಶ ಯಾರಾದರೂ ಬಿಡಿಸಿ ಹೇಳ್ತೀರಾ?

ಗಿರೀಶ್: ಅಂಕಲ್, ಚದರಡಿಗೆ 5 ರೂಪಾಯಿ ಎಲ್ಲ ಕಡೆ ಇರುವುದೇ. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾ ಒಂದು ವರ್ಷ ವಿಸ್ತರಣೆ ಕೊಟ್ಟರೆ ಆ ವರ್ಷಕ್ಕೆ ಅದೂ ಸಿಗಲ್ಲ. ನಮ್ಮ ಕೊಡಗಿನ ಮಳೆಯಂತೂ ಪ್ರಕೃತಿ ವಿಕೋಪವೇ. 2018 ಮರೆತಿದ್ದೀರಾ?

ಶೈಲಜಾ (ವಕೀಲರು): ಪೂವಯ್ಯ ಅವರೇ, ಮೊದಲು ದಿನಾಂಕ ನೋಡೋಣ. ನಿಮ್ಮ ಕರಡಿನಲ್ಲಿ ದಿನಾಂಕವೇ ಇಲ್ಲ, ಬರೀ ಲೆಕ್ಕ ಇದೆ. ಅಕ್ಟೋಬರ್ 1ರಿಂದ 30 ತಿಂಗಳು ಅಂದರೆ 2028ರ ಮಾರ್ಚ್ ಕೊನೆ. ಗ್ರೇಸ್ ಸೇರಿದರೆ ಸೆಪ್ಟೆಂಬರ್ ಕೊನೆ. ಅಷ್ಟರೊಳಗೆ ಮೂರು ಮಳೆಗಾಲ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳಂತೆ ಕಳೆದರೆ ಇನ್ನೊಂದು ವರ್ಷ, ಅಂದರೆ 2029ರ ಸೆಪ್ಟೆಂಬರ್. ಬಿಲ್ಡರ್ ಆಗಲೂ ‘ನಾನು ತಡ ಮಾಡಿಲ್ಲ’ ಅನ್ನಬಹುದು.

ಈಗ rera.karnataka.gov.in ತೆರೆದು, ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಿ, ಮುಗಿಸುವ ದಿನಾಂಕ ಏನು ಕೊಟ್ಟಿದ್ದಾರೆ ನೋಡಿ.

ಪೂವಯ್ಯ: ನೋಡಿದೆ ಮೇಡಂ. 31 ಡಿಸೆಂಬರ್ 2027 ಅಂತ ಇದೆ!

ಶೈಲಜಾ: ಹಾಗಾದರೆ ಸರ್ಕಾರಕ್ಕೆ ಒಂದು ದಿನಾಂಕ, ನಿಮಗೆ ಇನ್ನೊಂದು. ಇದನ್ನು ಒಪ್ಪಬೇಡಿ. ಅಗ್ರಿಮೆಂಟಿನಲ್ಲಿ 31-12-2027 ಎಂದೇ ಬರೆಸಿ. ಕರ್ನಾಟಕ ರೇರಾ ನಿಯಮಗಳಲ್ಲಿ ಮಾದರಿ ಅಗ್ರಿಮೆಂಟ್ ಇದೆ, ಅದರಲ್ಲಿ ದಿನಾಂಕಕ್ಕೇ ಜಾಗ ಬಿಟ್ಟಿದ್ದಾರೆ. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ಕೇಳಿ.

ಗಿರೀಶ್ ಹೇಳಿದ್ದು ಅರ್ಧ ಸರಿ. ಕಾಯ್ದೆ ವಿನಾಯಿತಿ ಕೊಡುವುದು ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಅಥವಾ ಅಂಥದ್ದೇ ಪ್ರಕೃತಿ ವಿಕೋಪಕ್ಕೆ. 2018ರ ಆಗಸ್ಟಿನಂಥದ್ದು ಬಂದು ಸೈಟಿನ ಕೆಲಸ ನಿಜಕ್ಕೂ ನಿಂತರೆ ಅದು ಬೇರೆ ಮಾತು. ಪ್ರತಿ ಜೂನ್‌ಗೆ ಬರುವ ಮಳೆ ವಿಕೋಪವಲ್ಲ. ಕೊಡಗಿನಲ್ಲಿ ಕಟ್ಟುವವರು ಅದನ್ನು ಮೊದಲೇ ಲೆಕ್ಕ ಹಾಕಿಯೇ ದಿನಾಂಕ ಕೊಡಬೇಕು, ಅಲ್ವಾ? ಕೂಲಿ, ಮರಳಿನ ಕೊರತೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದರೆ ಕುಶಾಲನಗರದಲ್ಲಿ ಹೊಳೆ ಉಕ್ಕಿ ಸೈಟಿನ ದಾರಿ ಮುಳುಗಿದರೆ ಎಷ್ಟು ದಿನ ಕಳೆಯಬೇಕು ಎಂಬುದು ಪ್ರಕರಣಕ್ಕೆ ತಕ್ಕಂತೆ ತೀರ್ಮಾನವಾಗುತ್ತದೆ. ಅದಕ್ಕೆ ಈಗಲೇ ಉತ್ತರ ಹೇಳಲಾಗದು.

ಇನ್ನು ವಿಸ್ತರಣೆ. ಅದು ಪ್ರಾಜೆಕ್ಟಿನ ನೋಂದಣಿ ಜೀವಂತ ಇರಲಿ ಅಂತ ಕೊಡುವುದು. ನಿಮ್ಮ ಅಗ್ರಿಮೆಂಟಿನ ದಿನಾಂಕವನ್ನು ಅದು ಬದಲಿಸುವುದಿಲ್ಲ. 2017ರಲ್ಲಿ ಬಾಂಬೆ ಹೈಕೋರ್ಟ್ ಇದನ್ನೇ ಹೇಳಿದೆ.

ಗಿರೀಶ್: ಓ, ಇದು ಗೊತ್ತಿರಲಿಲ್ಲ. ಮತ್ತೆ ಆ 5 ರೂಪಾಯಿ?

ಶೈಲಜಾ: ಪೂವಯ್ಯ ಅವರ ಫ್ಲ್ಯಾಟ್ ಎಷ್ಟು ಚದರಡಿ?

ಪೂವಯ್ಯ: ಸೂಪರ್ ಬಿಲ್ಟ್ ಅಪ್ 1,200.

ಶೈಲಜಾ: ಅಂದರೆ ತಿಂಗಳಿಗೆ 6,000 ರೂಪಾಯಿ. ರೇರಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ನೀವು ಫ್ಲ್ಯಾಟ್ ಬಿಡದೆ ಕಾದರೆ, ಕಟ್ಟಿದ ದುಡ್ಡಿಗೆ ತಡವಾದ ಪ್ರತಿ ತಿಂಗಳೂ ಬಡ್ಡಿ ಬರಬೇಕು. ಬೇಡ ಅಂದರೆ ದುಡ್ಡು ಬಡ್ಡಿ ಸಮೇತ ವಾಪಸ್. ನಮ್ಮ ರಾಜ್ಯದ ನಿಯಮದಲ್ಲಿ ದರ ಎಂದರೆ ಎಸ್‌ಬಿಐ ಸಾಲಗಳ ಮೂಲ ಬಡ್ಡಿ ದರವಾದ ಎಂಸಿಎಲ್‌ಆರ್‌ನಲ್ಲಿ ಗರಿಷ್ಠವಾದದ್ದು, ಅದರ ಮೇಲೆ 2%. ದರ ಬದಲಾಗುತ್ತಿರುತ್ತದೆ. ಲೆಕ್ಕಕ್ಕೆ 11% ಅಂತ ಹಿಡಿಯಿರಿ. ಅಷ್ಟು ಹೊತ್ತಿಗೆ ನೀವು 45 ಲಕ್ಷ ಕಟ್ಟಿದ್ದರೆ ತಿಂಗಳಿಗೆ 41,250 ರೂಪಾಯಿ. ಹತ್ತು ತಿಂಗಳು ತಡವಾದರೆ ಕಾಯ್ದೆಯಂತೆ 4,12,500. ಕರಡಿನಂತೆ 60,000.

ನಿಮ್ಮ 18% ಕೂಡ ನಿಲ್ಲುವುದಿಲ್ಲ. ನೀವು ಕೊಡುವ ಬಡ್ಡಿ, ಬಿಲ್ಡರ್ ಕೊಡುವ ಬಡ್ಡಿ ಒಂದೇ ಇರಬೇಕು ಅಂತ ಕಾಯ್ದೆಯಲ್ಲೇ ಇದೆ.

ಪೂವಯ್ಯ: ಅದೇ ನನ್ನ ಭಯ ಮೇಡಂ. ನಮಗೆ ಕಾಫಿ ದುಡ್ಡು ಕೈಗೆ ಬರುವುದು ಜನವರಿ ಮೇಲೆ. ಸ್ಲ್ಯಾಬ್ ಅಕ್ಟೋಬರ್‌ನಲ್ಲಿ ಬಿದ್ದರೆ 6 ಲಕ್ಷದ ಕಂತು ಮೂರು ತಿಂಗಳು ತಡವಾಗಬಹುದು.

ಶೈಲಜಾ: 18%ರಲ್ಲಿ 27,000 ಆಗುತ್ತದೆ. 11%ರಲ್ಲಿ 16,500. ಬಡ್ಡಿ ಕಟ್ಟುವುದಕ್ಕಿಂತ, ಆ ಒಂದು ಕಂತಿನ ಗಡುವನ್ನು ಫೆಬ್ರವರಿಗೆ ಹಾಕಿ ಅಂತ ಈಗಲೇ ಕೇಳಿ. ಕಂತಿನ ಪಟ್ಟಿ ಬದಲಿಸಲು ಸಾಮಾನ್ಯವಾಗಿ ಒಪ್ಪುತ್ತಾರೆ. ಇನ್ನೊಂದು ಮಾತು: ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು 10%ಕ್ಕಿಂತ ಜಾಸ್ತಿ ಕೇಳುವಂತಿಲ್ಲ. 6 ಲಕ್ಷ ದಾಟಬೇಡಿ.

ಮುಸ್ತಫಾ: ಮಡಿಕೇರಿಯಲ್ಲಿ ನಮ್ಮದು ಆರೇ ಮನೆಯ ಬಿಲ್ಡಿಂಗ್. ಎರಡು ವರ್ಷ ತಡವಾಗಿ ಕೀ ಕೊಟ್ಟರು. ಈಗ ಟ್ರಾನ್ಸ್‌ಫಾರ್ಮರ್‌ಗೆ ಅಂತ ಮನೆಗೆ 1.5 ಲಕ್ಷ ಕೇಳ್ತಿದ್ದಾರೆ. ನಾನೂ ರೇರಾಕ್ಕೆ ಹೋಗಬಹುದಾ?

ಶೈಲಜಾ: ಮುಸ್ತಫಾ ಅವರೇ, ಒಂದು ನಿಮಿಷ, ನಿಮ್ಮದಕ್ಕೆ ಬರ್ತೀನಿ. ಪೂವಯ್ಯ ಅವರ ಮೂರನೇ ಷರತ್ತೂ ಇದೇ ಜಾತಿಯದು. ‘ಬಿಲ್ಡರ್ ತಿಳಿಸಿದಷ್ಟು’ ಅಂತ ಬರೆದಿದ್ದರೆ ಕೀ ಕೈಗೆ ಬರುವ ಹಿಂದಿನ ವಾರ ಪತ್ರ ಬರುತ್ತದೆ, ಗೃಹಪ್ರವೇಶಕ್ಕೆ ದಿನ ನೋಡಿದವರು ಸುಮ್ನೆ ಕಟ್ಟಿಬಿಡುತ್ತಾರೆ. ಅದಕ್ಕೆ ಒಂದೊಂದು ಬಾಬ್ತಿನ ಮುಂದೆ ಮೊತ್ತ ಬರೆಸಿ. ಚೆಸ್ಕಾಂ ಠೇವಣಿಯಂಥದ್ದು ಮೊದಲೇ ಗೊತ್ತಿಲ್ಲದಿದ್ದರೆ ‘ರಸೀದಿ ತೋರಿಸಿ, ಮನೆಗಳಿಗೆ ಹಂಚಿ, ಇಷ್ಟಕ್ಕೆ ಮೀರದಂತೆ’ ಎಂದಿರಲಿ. ಪಾರ್ಕಿಂಗ್ ತೆರೆದ ಜಾಗದಲ್ಲಿದ್ದರೆ ಅದು ಎಲ್ಲರ ಜಾಗ, ಮಾರುವಂತಿಲ್ಲ. ಅದಕ್ಕೆಷ್ಟು ಹಾಕಿದ್ದಾರೆ?

ಪೂವಯ್ಯ: 2.5 ಲಕ್ಷ. ತಗಡಿನ ಮಾಡು ಕೂಡ ಇಲ್ಲ.

ಶೈಲಜಾ: ತೆಗೆಸಿ. ಬೆಲೆಯನ್ನು ಸೂಪರ್ ಬಿಲ್ಟ್ ಅಪ್ ಮೇಲಲ್ಲ, ಕಾರ್ಪೆಟ್ ಏರಿಯಾ ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದ ಮೇಲೆ ಬರೆಸಿ. 60 ಲಕ್ಷದ ಮೇಲೆ 5% ಜಿಎಸ್‌ಟಿ, ಅಂದರೆ 3 ಲಕ್ಷ, ಒಳಗೋ ಹೊರಗೋ ಕೇಳಿ. ಮೇಂಟೆನೆನ್ಸ್ ಎಂದಿನಿಂದ ಶುರು ಎಂಬುದೂ ನೋಡಿ. ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ ಓಸಿ ಬಾರದೆ ‘15 ದಿನದಲ್ಲಿ ಬನ್ನಿ, ಇಲ್ಲದಿದ್ದರೆ ಪೊಸೆಷನ್ ಕೊಟ್ಟಂತೆ’ ಎಂಬ ಸಾಲಿದ್ದರೆ ಹೊಡೆದು ಹಾಕಿಸಿ. ಓಸಿ ಬಂದ ಮೇಲೆ ನಿಮಗೆ ಎರಡು ತಿಂಗಳು ಸಮಯವಿದೆ.

ಪೂವಯ್ಯ: ‘ಎಲ್ಲರೂ ಇದಕ್ಕೇ ಸಹಿ ಹಾಕಿದ್ದಾರೆ, ಬದಲಿಸಲ್ಲ’ ಅಂತಾರಲ್ಲ. ಸಹಿ ಹಾಕಿಬಿಟ್ಟರೆ ಕತೆ ಮುಗಿಯಿತಾ?

ಶೈಲಜಾ: ಇಲ್ಲ. ಒಂದೇ ಕಡೆಗೆ ವಾಲಿದ ಷರತ್ತು ಖರೀದಿದಾರರನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 2020ರಲ್ಲಿ ಬೆಂಗಳೂರಿನ ಒಂದು ಪ್ರಾಜೆಕ್ಟಿನಲ್ಲಿ ಇದೇ 5 ರೂಪಾಯಿ ಷರತ್ತಿತ್ತು. ಕೋರ್ಟ್ ಅದರ ಜೊತೆಗೆ ಕಟ್ಟಿದ ದುಡ್ಡಿಗೆ 6% ಬಡ್ಡಿಯನ್ನೂ ಸೇರಿಸಿ ಕೊಡಿಸಿತು. ಆದರೆ ಅದು ವರ್ಷಗಟ್ಟಲೆ ಓಡಾಡಿದ ಮೇಲೆ. ಸಹಿಗೆ ಮೊದಲು ದಿನಾಂಕ ಮತ್ತು ಬಡ್ಡಿ ಎರಡನ್ನಾದರೂ ತಿದ್ದಿಸಿ. ಅದಕ್ಕೂ ಒಪ್ಪದಿದ್ದರೆ ನಾನಾದರೆ 4 ಲಕ್ಷ ವಾಪಸ್ ಕೇಳುತ್ತಿದ್ದೆ.

ಮುಸ್ತಫಾ ಅವರೇ, ಎಂಟು ಮನೆ ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಬೇಕಿಲ್ಲ, ಹಾಗಾಗಿ ಆ ದಾರಿ ಕಷ್ಟ. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ ಹಾಕಬಹುದು. ಕೀ ಕೊಟ್ಟದ್ದು ಯಾವಾಗ?

ಮುಸ್ತಫಾ: ಹೋದ ವರ್ಷ. ಕೀ ಕೊಡುವಾಗ ‘ಇನ್ನು ಯಾವ ತಕರಾರೂ ಇಲ್ಲ’ ಅಂತ ಬರೆಸಿಕೊಂಡಿದ್ದಾರೆ.

ಶೈಲಜಾ: ಹಾಗಾದರೆ ಎರಡು ವರ್ಷದ ಗಡುವಿನೊಳಗೇ ಇದ್ದೀರಿ. ಆ ಪತ್ರದ ಒಕ್ಕಣೆ ನೋಡದೆ ಏನೂ ಹೇಳಲಾರೆ. ಅದನ್ನೂ, ಅಗ್ರಿಮೆಂಟನ್ನೂ, ಟ್ರಾನ್ಸ್‌ಫಾರ್ಮರ್ ದುಡ್ಡು ಕೇಳಿದ ಪತ್ರವನ್ನೂ ತನ್ನಿ. ಅಲ್ಲಿಯವರೆಗೆ ಚೆಸ್ಕಾಂ ರಸೀದಿ ತೋರಿಸಿ ಅಂತ ಬಿಲ್ಡರ್‌ಗೆ ಲಿಖಿತವಾಗಿ ಕೇಳಿ, ದುಡ್ಡು ಕಟ್ಟಬೇಡಿ.