ಬಿಲ್ ಪಟ್ಟಿಯ ಪಕ್ಕದ `[:]`ಗೆ ಕಾಮೆಂಟ್ ಹೇಗೆ ಬರೆಯಲಿ? ನಿಮ್ಮ ಅನುಭವ ಹೇಳಿ

ಮಲ್ಪೆ ಅಕ್ಕ: ಇಲ್ಲಿಯ ಮೀನು ವ್ಯಾಪಾರಿಯೊಬ್ಬರಿಗೆ ಬಿಲ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ರದ್ದಾದ ಬಿಲ್‌ನ ಮೊತ್ತ ಸೊನ್ನೆ. ಅಂಥವನ್ನು ತೆಗೆಯುವ ಭಾಗ ಕೆಳಗಿದೆ. ಈಗ ಅದನ್ನು ನೋಡಿಕೊಳ್ಳುವವನು ನನ್ನ ತಮ್ಮ, ಪೈಥಾನ್ ಕಲಿಯತೊಡಗಿ ಎರಡು ತಿಂಗಳಾಯಿತು. ಕಾಮೆಂಟ್ ಓದಿದ ಮೇಲೂ ಅವನು `[:]` ಅಳಿಸಿಬಿಟ್ಟ. ಹೊಸಬರಿಗೆ ತಿಳಿಯುವಂತೆ ಹೇಗೆ ಬರೆಯಬೇಕು?

```python
# ಬಿಲ್ ಪ್ರತಿ ಮೇಲೆ ಲೂಪ್
for b in bills[:]:
    if b == 0:
        bills.remove(b)
```

ಕದ್ರಿ ಗುಡ್ಡೆ: ಇದೇ ಎರಡು ಆವರಣಕ್ಕೆ ನಾನು 3,852 ರೂಪಾಯಿ ಕಟ್ಟಿದ್ದೇನೆ. ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕದ ಕೆಲಸ. ವಾಪಸು ಕಳುಹಿಸಿದ ಚೀಲದ ತೂಕ ಸೊನ್ನೆ ಎಂದು ದಾಖಲಾಗುತ್ತಿತ್ತು, ಉಳಿದ ಚೀಲಗಳ ಎಣಿಕೆಯ ಮೇಲೆ ಹಮಾಲಿ ಕೂಲಿ, ಚೀಲಕ್ಕೆ 18 ರೂಪಾಯಿ. ನಾನೂ ಹೊಸಬ, `[:]` ಏನೋ ಕಸ ಎಂದು ಒರೆಸಿದೆ. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಸೊನ್ನೆ ಉಳಿದರೂ ಒಟ್ಟು ತೂಕ ಬದಲಾಗುವುದಿಲ್ಲ. ತಪ್ಪಿದ್ದು ಎಣಿಕೆ ಮಾತ್ರ. ಇಲ್ಲದ 214 ಚೀಲಗಳಿಗೆ ಕೂಲಿ ಹೋಗಿತ್ತು. ಮಾಲೀಕರು ಬೈಯಲಿಲ್ಲ, ಸಂಬಳದಲ್ಲಿ ಹಿಡಿದರು.

`[:]` ಇದ್ದರೆ ಲೂಪ್ ನೋಡುತ್ತ ಹೋಗುವುದು ಪಟ್ಟಿಯ ನಕಲನ್ನು, ಒರೆಸಿದರೆ ಅಸಲನ್ನೇ. ಆಗಿದ್ದೇನೆಂದರೆ, `[500, 0, 0, 300]` ಎಂದಿಟ್ಟುಕೊಳ್ಳಿ. ಲೂಪ್ ಎರಡನೆಯ ಸ್ಥಾನಕ್ಕೆ ಬಂದು ಸೊನ್ನೆಯನ್ನು ತೆಗೆಯಿತು. ಹಿಂದಿದ್ದ ಸೊನ್ನೆ ಸರಿದು ಅದೇ ಎರಡನೆಯ ಸ್ಥಾನಕ್ಕೆ ಬಂತು. ಲೂಪ್‌ಗೆ ಅದರ ಪರಿವೆ ಇಲ್ಲ, ಅದು ಮೂರನೆಯದಕ್ಕೆ ಹೋಯಿತು. ಅಲ್ಲಿ 300 ಇದೆ. ಒಂದು ಸೊನ್ನೆ ಹಾಗೆಯೇ ಉಳಿಯಿತು. ನಾನು ಪರೀಕ್ಷಿಸಿದ್ದು `[500, 0, 300]` ಹಾಕಿ. ಅಲ್ಲಿ ದಾಟಿಹೋಗುವುದು 300, ಅದು ಹೇಗೂ ಉಳಿಯಬೇಕಾದದ್ದೇ. ಎರಡು ಸೊನ್ನೆ ಅಕ್ಕಪಕ್ಕ ಬರುವವರೆಗೆ ಉತ್ತರ ಸರಿಯಾಗಿಯೇ ಬರುತ್ತದೆ. ಆ ಮೇಲೆ ನಾನು ಬರೆದಿಟ್ಟದ್ದು ಹೀಗೆ, ನಿಮ್ಮ ಹೆಸರುಗಳನ್ನು ಹಾಕಿದ್ದೇನೆ:

```python
# ರದ್ದಾದ (ಮೊತ್ತ 0) ಬಿಲ್‌ಗಳನ್ನು bills ನಿಂದ ತೆಗೆಯುತ್ತದೆ.
# [:] ಅಳಿಸಬೇಡಿ. ಒಂದನ್ನು ತೆಗೆದಾಗ ಮುಂದಿನದು ಅದರ ಜಾಗಕ್ಕೆ
# ಸರಿಯುತ್ತದೆ, ಲೂಪ್ ಅದನ್ನು ನೋಡದೆ ದಾಟುತ್ತದೆ.
# ಅಳಿಸಿ ನೋಡಬೇಕಿದ್ದರೆ: [500, 0, 0, 300]
```

ಕೊನೆಯ ಸಾಲೇ ಮುಖ್ಯ. ಹೊಸಬರು ನಂಬುವುದಿಲ್ಲ, ಓಡಿಸಿ ನೋಡುತ್ತಾರೆ. ನೋಡಲಿ.

ಕುಂದಾಪುರ ತೀರ: ಇಷ್ಟೆಲ್ಲ ಯಾಕೆ? ಲೂಪ್ ನಡೆಯುವಾಗ ತೆಗೆದರೆ ಪೈಥಾನೇ ದೋಷ ತೋರಿಸಿ ನಿಲ್ಲಿಸುತ್ತದೆ. ನಾನೇ ಕಂಡಿದ್ದೇನೆ, `RuntimeError` ಬಂತು. ಹುಡುಗ ತಾನಾಗಿ ಕಲಿಯುತ್ತಾನೆ.

ಕದ್ರಿ ಗುಡ್ಡೆ: ನೀವು ಕಂಡದ್ದು ಡಿಕ್ಷನರಿಯಲ್ಲಿ. `dictionary changed size during iteration` ಎಂದು ಬಂದಿರಬೇಕು, ನೋಡಿ. ಲಿಸ್ಟ್ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ದೋಷ ತೋರಿಸಿದ್ದರೆ ನನ್ನ ಸಂಬಳ ಯಾಕೆ ಹೋಗುತ್ತಿತ್ತು ಮಾರಾಯರೇ?

ಕುಂದಾಪುರ ತೀರ: ಡಿಕ್ಷನರಿಯೇ ಇರಬಹುದು. ಆದರೂ ನಾಲ್ಕು ಸಾಲು ಹೆಚ್ಚಾಯಿತು.

ಮೂಡುಬಿದಿರೆ ಸಾವಿರ ಕಂಬ: ಕಾಮೆಂಟ್ ಬೇಕಾಗುವ ಕೋಡ್ ಬರೆದದ್ದೇ ತಪ್ಪು. ಹನ್ನೊಂದು ವರ್ಷದಿಂದ ನಾನು ಬರೆಯುವುದು ಹೀಗೆ, ಒಂದು ಸಾಲು ಕಾಮೆಂಟ್ ಇಲ್ಲ:

```python
bills = [b for b in bills if b != 0]
```

ಓದಿದರೆ ಅರ್ಥವಾಗುತ್ತದೆ. ಮುಗಿಯಿತು.

ಕದ್ರಿ ಗುಡ್ಡೆ: ಮುಗಿಯುವುದಿಲ್ಲ. ಇದು ಹೊಸ ಪಟ್ಟಿ. ಬೇರೆಲ್ಲಾದರೂ `today = bills` ಎಂದು ಬರೆದಿದ್ದರೆ `today` ಹಳೆಯ ಪಟ್ಟಿಯನ್ನೇ ಹಿಡಿದು ಕುಳಿತಿರುತ್ತದೆ, ಸೊನ್ನೆಗಳ ಸಮೇತ.

ಮೂಡುಬಿದಿರೆ ಸಾವಿರ ಕಂಬ: ಹಾಗಿದ್ದರೆ ಎಡಗಡೆ `bills[:] =` ಎಂದು ಬರೆದರಾಯಿತು. ಅದೇ ಪಟ್ಟಿಯೊಳಗೇ ಬದಲಾಗುತ್ತದೆ. ಇದೂ ಗೊತ್ತಿಲ್ಲದವರು ಉಪದೇಶಕ್ಕೆ ಇಳಿಯಬಾರದು.

ಕದ್ರಿ ಗುಡ್ಡೆ: ಗೊತ್ತಿದೆ. ಬಲಗಡೆ ಇದ್ದರೆ ನಕಲು ಮಾಡು, ಎಡಗಡೆ ಇದ್ದರೆ ಒಳಗಿನದನ್ನು ಬದಲಿಸು. ಒಂದೇ ಗುರುತಿಗೆ ಎರಡು ಕೆಲಸ. ಎರಡು ತಿಂಗಳ ಹುಡುಗನಿಗೆ ಅದನ್ನು ಕಾಮೆಂಟ್ ಇಲ್ಲದೆ ಬಿಟ್ಟುಹೋಗುತ್ತೀರಾ? ಹನ್ನೊಂದು ವರ್ಷ ನಿಮ್ಮ ಕೋಡನ್ನು ಬೇರೆ ಯಾರಾದರೂ ಮುಟ್ಟಿದ್ದಾರೆಯೇ?

ರಥಬೀದಿ: ಕಾಮೆಂಟ್ ಹೆಚ್ಚಾದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಉಡುಪಿಯ ಒಂದು ಅಂಗಡಿಯ ಬಿಲ್ಲಿಂಗ್ ನನ್ನದು. ತುಪ್ಪದ ಸಾಲಿನ ಮೇಲೆ ಯಾರೋ ಬಹಳ ನಿಷ್ಠೆಯಿಂದ ‘ತುಪ್ಪಕ್ಕೆ 12 ಶೇಕಡ ತೆರಿಗೆ’ ಎಂದು ಬರೆದಿದ್ದರು. 2025ರ ಸೆಪ್ಟೆಂಬರ್ 22ರಿಂದ ಅದು 5 ಆಯಿತು, ನಾನು ಸಂಖ್ಯೆ ಬದಲಿಸಿದೆ, ಕಾಮೆಂಟ್ ಮರೆತೆ. ದೀಪಾವಳಿಯ ಹೊತ್ತಿಗೆ ಸೇರಿದ ಹೊಸ ಹುಡುಗಿ ಕಾಮೆಂಟ್ ಓದಿ, ಕೋಡ್ ತಪ್ಪಿದೆ ಎಂದುಕೊಂಡು 5ನ್ನು ಮತ್ತೆ 12 ಮಾಡಿದಳು. ಒಂದೂವರೆ ದಿನ. ಗಿರಾಕಿಗಳು ಬಿಲ್ ಹಿಡಿದುಕೊಂಡು ವಾಪಸು ಬಂದರು, ಕೆಲವರಿಗೆ ನಾನೇ ಫೋನ್ ಮಾಡಿ ಕರೆದು ಹಣ ಹಿಂದಿರುಗಿಸಿದೆ. ಅವಳನ್ನು ಬೈಯುವುದು ಹೇಗೆ? ಬರೆದದ್ದನ್ನು ನಂಬಿದಳು. ಅಂದಿನಿಂದ ಕೋಡ್‌ನಲ್ಲಿ ಕಾಣುವ ಸಂಖ್ಯೆಯನ್ನು ಕಾಮೆಂಟ್‌ನಲ್ಲಿ ಇನ್ನೊಮ್ಮೆ ಬರೆಯಲು ಬಿಡುವುದಿಲ್ಲ. ‘ದರ ಬದಲಾದ ದಿನಕ್ಕಿಂತ ಹಿಂದಿನ ಬಿಲ್ ತಿದ್ದುವಾಗ ಹಳೆಯ ದರವೇ ಬೇಕು’ ಎಂಬಂಥದ್ದು ಇರಲಿ, ಅದು ಕೋಡ್ ನೋಡಿದರೆ ಕಾಣುವುದಿಲ್ಲ.

ಕದ್ರಿ ಗುಡ್ಡೆ: ಒಪ್ಪಿದೆ. ನನ್ನ ಮೊದಲ ಸಾಲಿನ ‘ಮೊತ್ತ 0’ ಕೂಡ ಹಾಗೆಯೇ. ನಾಳೆ ರದ್ದತಿಗೆ -1 ಬಳಸಿದರೆ ಅದು ಸುಳ್ಳಾಗುತ್ತದೆ. ‘ರದ್ದಾದ ಬಿಲ್’ ಎಂದಷ್ಟೇ ಇರಲಿ.

ರಥಬೀದಿ: ರದ್ದಾದದ್ದು ಎಂದರೆ ಸೊನ್ನೆ ಎಂಬುದು ಹೊಸಬನಿಗೆ ಎಲ್ಲಿ ಗೊತ್ತಾಗಬೇಕು ಹಾಗಾದರೆ?

ಕದ್ರಿ ಗುಡ್ಡೆ: ಅದಕ್ಕೇ ಬರೆದಿದ್ದೆ. ನೀವೇ ಅಲ್ಲವೇ ತೆಗೆಸಿದ್ದು?

ಸುರತ್ಕಲ್ ದೀಪಸ್ತಂಭ: ಕನ್ನಡದಲ್ಲಿ ಕಾಮೆಂಟ್ ಬರೆದದ್ದಕ್ಕೆ ಅಕ್ಕನಿಗೆ ಅಭಿನಂದನೆ! ಪೈಥಾನ್ 2 ಇದ್ದ ಕಾಲದಲ್ಲಿ ಮೊದಲ ಎರಡು ಸಾಲುಗಳೊಳಗೆ `coding: utf-8` ಎಂದು ಹಾಕದಿದ್ದರೆ ಕಾಮೆಂಟ್‌ನೊಳಗಿನ ಒಂದು ಕನ್ನಡ ಅಕ್ಷರಕ್ಕೂ `SyntaxError` ಬರುತ್ತಿತ್ತು. ಪೈಥಾನ್ 3ರಲ್ಲಿ ಆ ಗೋಳಿಲ್ಲ. ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮೂಡುಬಿದಿರೆ ಸಾವಿರ ಕಂಬ: ಕೇಳಿದ್ದು ಅದಲ್ಲ. ಅಲ್ಲದೆ ಪುಣೆಯ ತಂಡ ನಿಮ್ಮ ಕೋಡ್ ಓದುವುದು ಹೇಗೆ?

ಸುರತ್ಕಲ್ ದೀಪಸ್ತಂಭ: ಮಲ್ಪೆಯ ಮೀನಿನ ಬಿಲ್ಲನ್ನು ಪುಣೆಯವರು ಯಾಕೆ ಓದಬೇಕು?

ಕುಂದಾಪುರ ತೀರ: ಹಾಗಾದರೆ ತುಳುವಿನಲ್ಲೇ ಬರೆಯಿರಿ, ದಕ್ಕೆಯಲ್ಲಿ ನಡೆಯುವುದು ಅದೇ. ಆಮೇಲೆ ನಮ್ಮ ಕುಂದಾಪುರದವರಿಗೆ ಒಂದು ಬೇರೆ ಪ್ರತಿ.

ಮಲ್ಪೆ ಅಕ್ಕ: ‘ಪ್ರತಿ’ ಎಂದಿರಲ್ಲ, ಅದೇ ಯಡವಟ್ಟು. ಈಗ ತಮ್ಮನನ್ನು ಕೂರಿಸಿಕೊಂಡು ಕೇಳಿದೆ. ನಾನು ಬರೆದದ್ದು ನಕಲು ಎಂಬ ಅರ್ಥದಲ್ಲಿ. ಅವನು ಓದಿಕೊಂಡದ್ದು ‘ಪ್ರತಿ ಬಿಲ್ ಮೇಲೆ ಲೂಪ್’ ಎಂದು. `for` ಇದ್ದ ಮೇಲೆ ಒಂದೊಂದು ಬಿಲ್ಲನ್ನೂ ನೋಡುತ್ತದೆಯಲ್ಲ, ಮತ್ತೆ ಈ ಬಾಲ ಯಾಕೆ ಎಂದು ಕತ್ತರಿಸಿದನಂತೆ. `[500, 0, 0, 300]` ಕೊಟ್ಟು ಓಡಿಸಲು ಹೇಳಿದೆ. `[500, 0, 300]` ಬಂದದ್ದನ್ನು ನೋಡಿ ಐದು ನಿಮಿಷ ಮಾತನಾಡಲಿಲ್ಲ, ಆಮೇಲೆ ಕಾಗದದಲ್ಲಿ ನಾಲ್ಕು ಮನೆ ಗೀಚಿ ತಾನೇ ಲೆಕ್ಕ ಹಾಕಿದ. ಕಾಮೆಂಟನ್ನೂ ಅವನಿಂದಲೇ ಬರೆಸಿದೆ:

```python
# ರದ್ದಾದ ಬಿಲ್‌ಗಳನ್ನು ತೆಗೆಯುವುದು. ನಕಲನ್ನು ನೋಡುತ್ತ ಹೋಗಿ
# ಅಸಲಿನಿಂದ ತೆಗೆಯುತ್ತೇವೆ; ಅಸಲನ್ನೇ ನೋಡುತ್ತ ತೆಗೆದರೆ
# ಅಕ್ಕಪಕ್ಕದ ಎರಡು 0 ಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ.
```

ಕದ್ರಿಯವರೇ, `today` ಬಗ್ಗೆ ನೀವು ಹೇಳಿದ್ದು ನಿಜ. ಮುದ್ರಣದ ಭಾಗದಲ್ಲಿ ಅಂಥದ್ದೇ ಇನ್ನೊಂದು ಹೆಸರಿದೆ, ಆದ್ದರಿಂದ ಹೊಸ ಪಟ್ಟಿ ಮಾಡುವಂತಿಲ್ಲ. ಅದನ್ನೂ ಒಂದು ಸಾಲು ಸೇರಿಸಬೇಕು.

ಮೂಡುಬಿದಿರೆ ಸಾವಿರ ಕಂಬ: ಕಾಪಿ ಎಂದು ಬರೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಸುರತ್ಕಲ್ ದೀಪಸ್ತಂಭ: ನಕಲು ಎಂದು ಬರೆದಿದ್ದರೂ ಆಗುತ್ತಿರಲಿಲ್ಲ.

ಕುಂದಾಪುರ ತೀರ: ಸಾಲು ಮತ್ತೆ ನಾಲ್ಕಾಗುತ್ತದೆ ನೋಡಿ ಈಗ.