ಪದಚರ್ಚೆ: ‘ಕ್ಯಾಶ್ಡ್ ಕ್ರೆಡೆನ್ಷಿಯಲ್ಸ್’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಅನುವಾದಕಿ:

ಮಾನ್ಯರೇ,

ಕಂಪ್ಯೂಟರುಗಳ ಪಕ್ಕದ ಗೋಡೆಗೆ ಅಂಟಿಸುವ ಒಂದು ಪುಟದ ಸೂಚನೆಯನ್ನು ಕನ್ನಡಿಸುತ್ತಿದ್ದೇನೆ. ಅದು ನಾಳೆ ಬೆಳಿಗ್ಗೆಯೇ ಮುದ್ರಣಕ್ಕೆ ಹೋಗಬೇಕಾಗಿದೆ. Z: ಎಂದು ಜೋಡಿಸಿರುವ ನೆಟ್‌ವರ್ಕ್ ಡ್ರೈವ್ ತೆರೆಯಲು ಹೋದರೆ ಕೆಲವರಿಗೆ ಮತ್ತೆ ಮತ್ತೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇನ್ನು ಕೆಲವರಿಗೆ ಏನನ್ನೂ ಕೇಳದೆ ‘ಪ್ರವೇಶ ನಿರಾಕರಿಸಲಾಗಿದೆ’ ಎನ್ನುತ್ತದೆ. ಎರಡಕ್ಕೂ ಕಾರಣ ಹಳೆಯ ‘ಕ್ಯಾಶ್ಡ್ ಕ್ರೆಡೆನ್ಷಿಯಲ್ಸ್’ ಎಂದು ಮೂಲದಲ್ಲಿದೆ. ನಾನು ‘ಸಂಗ್ರಹಿತ ರುಜುವಾತುಗಳು’ ಎಂದು ಬರೆದೆ. ಕರಡು ಓದಿದ ಸಹೋದ್ಯೋಗಿ ‘ಯಾವ ಮೊಕದ್ದಮೆಯವು?’ ಎಂದು ಕೇಳಿದರು.

ಅಚ್ಚಗನ್ನಡಿಗ:

ಸಹೋದ್ಯೋಗಿ ಸರಿಯಾಗಿಯೇ ಕೇಳಿದ್ದಾರೆ. ‘ಕೂಡಿಟ್ಟ ಗುರುತು’ ಎನ್ನಿ, ಮುಗಿಯಿತು.

ಹಿರಿಯ ಓದುಗ:

‘ರುಜುವಾತು’ ಪದವನ್ನು ಅಷ್ಟು ಸುಲಭವಾಗಿ ಬಿಡಬೇಕಾಗಿಲ್ಲ. ಅದು ಸಂಸ್ಕೃತದ ‘ಋಜು’ವಿನಿಂದ ಬಂದಿದೆ, ನೇರವಾದದ್ದು, ಪ್ರಾಮಾಣಿಕವಾದದ್ದು ಎಂಬ ಅರ್ಥ ಅದರೊಳಗೇ ಇರುವುದರಿಂದ ತನ್ನ ಗುರುತನ್ನು ಸಾಬೀತುಪಡಿಸುವ ಸಾಧನಕ್ಕೆ ಚೆನ್ನಾಗಿ ಹೊಂದುತ್ತದೆ.

ಅಚ್ಚಗನ್ನಡಿಗ:

ಹೊಂದುವುದಿಲ್ಲ. ‘ರುಜು’ ಅರಬ್ಬಿ ಮೂಲದ್ದು. ಅರ್ಜಿ, ದಾಖಲೆಗಳ ಜೊತೆಯಲ್ಲಿ ಆಡಳಿತದ ಬಾಗಿಲಿನಿಂದ ಒಳಬಂದದ್ದು. ‘ಋಜು’ವಿಗೂ ಇದಕ್ಕೂ ಕಿವಿಗೆ ಕೇಳುವ ಹೋಲಿಕೆ ಬಿಟ್ಟು ಬೇರೆ ನಂಟಿಲ್ಲ.

ಹಿರಿಯ ಓದುಗ:

ಮೂಲದ ಬಗ್ಗೆ ನಿಮ್ಮ ಮಾತನ್ನು ಪರಿಶೀಲಿಸುತ್ತೇನೆ. ಆದರೆ ಅರ್ಜಿಯನ್ನೂ ದಾಖಲೆಯನ್ನೂ ದಿನವೂ ಬಳಸುವವರು ರುಜುವಾತಿಗೆ ಮಾತ್ರ ಬಾಗಿಲು ಹಾಕುವುದು ಯಾವ ನ್ಯಾಯವೆಂದು ತಿಳಿಯಲಿಲ್ಲ.

ಪ್ರವಾಸಿ:

ನನ್ನ ಲ್ಯಾಪ್‌ಟಾಪ್ ಹೊರಗೆ ಒಯ್ದಾಗ ನೆಟ್‌ವರ್ಕ್ ಇಲ್ಲದಿದ್ದರೂ ಕಚೇರಿಯ ಪಾಸ್‌ವರ್ಡಿನಿಂದಲೇ ತೆರೆದುಕೊಳ್ಳುತ್ತದೆ. ನೀವು ಕೇಳುತ್ತಿರುವುದು ಅದನ್ನೇ ಅಲ್ಲವೇ? ಅದಕ್ಕೆ ‘ನೆನಪಿನ ಗುರುತು’ ಎನ್ನಬಹುದು.

ಜಾಲ ನಿರ್ವಾಹಕ:

ಅಲ್ಲ. ಆದರೆ ಗೊಂದಲ ಹುಟ್ಟುವುದು ಸರಿಯಾಗಿ ಅಲ್ಲಿಯೇ. ವಿಂಡೋಸ್‌ನಲ್ಲಿ ನಿಜವಾಗಿ ‘ಕ್ಯಾಶ್ಡ್’ ಎನಿಸಿಕೊಳ್ಳುವುದು ಪ್ರವಾಸಿಯವರು ಹೇಳಿದ್ದು: ಡೊಮೇನ್ ಸರ್ವರ್ ಕೈಗೆ ಸಿಗದಿದ್ದಾಗ ಒಳಬಿಡಲು ಇಟ್ಟುಕೊಂಡ ಹಿಂದಿನ ಲಾಗಿನ್‌ಗಳ ದಾಖಲೆ, ಸಾಮಾನ್ಯವಾಗಿ 10ರವರೆಗೆ. Z: ಡ್ರೈವಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಕಾಡುವುದು Credential Manager ಒಳಗೆ ಉಳಿದಿರುವ ನಮೂದು; ಯಾರೋ ಒಮ್ಮೆ ‘Remember my credentials’ ಎಂಬಲ್ಲಿ ಗುರುತು ಹಾಕಿದ್ದರಿಂದ ಅದು ಅಲ್ಲಿ ಕುಳಿತಿದೆ.

ಎರಡು ಲಕ್ಷಣಗಳನ್ನೂ ಒಂದೇ ಪದಕ್ಕೆ ಕಟ್ಟಬೇಡಿ. ಮತ್ತೆ ಮತ್ತೆ ಕೇಳುತ್ತಿದ್ದರೆ ಉಳಿದಿರುವ ಪಾಸ್‌ವರ್ಡ್ ಹಳೆಯದಾಗಿರುವ ಸಂಭವ ಹೆಚ್ಚು: ವಿಂಡೋಸ್ ಮೊದಲು ಅದನ್ನು ಪ್ರಯೋಗಿಸಿ, ಸೋತು, ನಿಮ್ಮನ್ನು ಕೇಳುತ್ತದೆ. ಕೇಳದೆಯೇ ನಿರಾಕರಿಸಿದರೆ ಉಳಿದಿರುವ ಹೆಸರು ಬಹುಶಃ ಬೇರೆಯವರದು: ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆ ಹೆಸರಿಗೆ ಹಕ್ಕಿಲ್ಲ. ನಿಮಗೇ ಹಕ್ಕು ಕೊಟ್ಟಿಲ್ಲದಿದ್ದರೂ ಇದೇ ಸಂದೇಶ ಬರುತ್ತದೆ ಎಂಬುದನ್ನು ಸೂಚನೆಯಲ್ಲಿ ಸೇರಿಸಿ. ಇಲ್ಲವಾದರೆ ಜನ ಸುಮ್ಮನೆ ಅಳಿಸುತ್ತಾ ಕೂರುತ್ತಾರೆ.

ಅನುವಾದಕಿ:

ನಮ್ಮಲ್ಲಿ ಎರಡನೆಯದೇ ಆಗಿತ್ತು. ಆ ಮೇಜಿನಲ್ಲಿ ಹಿಂದೆ ಇದ್ದವರ ಹೆಸರು ಸಿಕ್ಕಿತು, Credential Manager ನಿಂದ ಅಳಿಸಿದೆ. ಆದರೂ ನಿರಾಕರಣೆ ನಿಲ್ಲಲಿಲ್ಲ. ನನ್ನ ಹೆಸರು ಕೊಟ್ಟು ಜೋಡಿಸಲು ಹೋದರೆ 1219 ಎಂಬ ದೋಷಸಂಖ್ಯೆ ಬಂತು. ಅಳಿಸಿದ್ದು ‘ಸಂಗ್ರಹಿತ’ವೇ ಆಗಿದ್ದರೆ ಉಳಿದದ್ದು ಏನು?

ಜಾಲ ನಿರ್ವಾಹಕ:

ಉಳಿದದ್ದು ತೆರೆದಿರುವ ಸಂಪರ್ಕ. ಒಂದೇ ಸರ್ವರಿಗೆ ಒಬ್ಬ ಬಳಕೆದಾರ ಏಕಕಾಲಕ್ಕೆ ಎರಡು ಹೆಸರುಗಳಿಂದ ಹೋಗುವಂತಿಲ್ಲ ಎನ್ನುವುದೇ 1219. ಚೀಟಿಯನ್ನು ಹರಿದಿದ್ದೀರಿ, ಆದರೆ ಆ ಚೀಟಿ ತೋರಿಸಿ ಒಳಗೆ ಹೋದವರು ಇನ್ನೂ ಹೊರಬಂದಿಲ್ಲ. ಮೊದಲು ಸಂಪರ್ಕ ಕಡಿಯಿರಿ, ಆಮೇಲೆ ನಮೂದು ಅಳಿಸಿ. ನಿಮ್ಮ ಸರ್ವರಿನ ಹೆಸರು filesrv ಎಂದಿಟ್ಟುಕೊಳ್ಳೋಣ:

```
net use
net use Z: /delete
net use \\filesrv\IPC$ /delete
cmdkey /list
cmdkey /delete:filesrv
```

ಮೊದಲ ಸಾಲು ಈಗಿರುವ ಸಂಪರ್ಕಗಳನ್ನು ತೋರಿಸುತ್ತದೆ. ಅಕ್ಷರವಿಲ್ಲದ IPC$ ಸಾಲನ್ನು ಜನ ಗಮನಿಸುವುದಿಲ್ಲ; ಹಳೆಯ ಹೆಸರನ್ನು ಹಿಡಿದಿಟ್ಟಿರುವುದು ಹಲವು ಬಾರಿ ಅದೇ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಮೂರನೆಯ ಸಾಲು ಬೇಡ. ಆಜ್ಞೆಗಳಿಗೆ ಹೆದರುವವರು ನಮೂದು ಅಳಿಸಿ, ಸೈನ್ ಔಟ್ ಆಗಿ ಮತ್ತೆ ಬಂದರೂ ಸಾಕು.

ಹೀಗಾಗಿ ಪದವೂ ಎರಡು ಬೇಕು. ಡಿಸ್ಕಿನಲ್ಲಿದ್ದು ಕಂಪ್ಯೂಟರ್ ಆರಿಸಿದರೂ ಉಳಿಯುವುದು ‘ಉಳಿಸಿಟ್ಟ ಲಾಗಿನ್’, ಸೈನ್ ಔಟ್ ಆದೊಡನೆ ಹೋಗುವುದು ‘ತೆರೆದ ಸಂಪರ್ಕ’.

ಹಿರಿಯ ಓದುಗ:

‘ಲಾಗಿನ್’ ಒಳಬರಬಹುದು, ‘ರುಜುವಾತು’ ಹೊರಗಿರಬೇಕು! ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ.

ಅನುವಾದಕಿ:

ಮುದ್ರಣಕ್ಕೆ ಹೀಗೆ ಕಳುಹಿಸುತ್ತಿದ್ದೇನೆ: “ಮೊದಲು ತೆರೆದ ಸಂಪರ್ಕವನ್ನು ಕಡಿಯಿರಿ. ಅನಂತರ ಉಳಿಸಿಟ್ಟ ಹಳೆಯ ಹೆಸರು, ಪಾಸ್‌ವರ್ಡನ್ನು ಅಳಿಸಿ, ನಿಮ್ಮ ಹೆಸರಿನಿಂದ ಡ್ರೈವನ್ನು ಮತ್ತೆ ಜೋಡಿಸಿ.” ರುಜುವಾತೂ ಇಲ್ಲ, ಲಾಗಿನ್ನೂ ಇಲ್ಲ.

ಅಚ್ಚಗನ್ನಡಿಗ:

‘ಪಾಸ್‌ವರ್ಡ್’ ಹಾಗೆಯೇ ಇದೆ. ಅದರ ಬಗ್ಗೆ ಬೇರೆ ಓಲೆ ಬರೆಯುತ್ತೇನೆ.