ಪಿಎಫ್ ಬಡ್ಡಿಗೆ ಟಿಡಿಎಸ್ ಹಿಡಿದಿದ್ದಾರೆ, ಆದರೆ ನನ್ನ ಪಾಲು 2.5 ಲಕ್ಷ ದಾಟೇ ಇಲ್ಲ!

ಸುಸ್ತಾದ_ಸಂಬಳಗಾರ (ಆಗಸ್ಟ್ 2025)
ಮೂರು ದಿನದಿಂದ ತಲೆ ಕೆಟ್ಟಿದೆ. ಐಟಿಆರ್-2 ತುಂಬೋಣ ಅಂತ ಕೂತೆ. 26ಎಎಸ್ ತೆಗೆದರೆ 194ಎ ಅಡಿಯಲ್ಲಿ 23,064 ರೂಪಾಯಿ ಬಡ್ಡಿ, 2,306 ಟಿಡಿಎಸ್ ಅಂತ ಇದೆ. ಹಿಡಿದವರು ಪಿಎಫ್‌ನವರೇ. ನನ್ನ ಬೇಸಿಕ್ 1.5 ಲಕ್ಷ, ತಿಂಗಳಿಗೆ 18,000 ಹೋಗುತ್ತೆ. ವರ್ಷಕ್ಕೆ 2,16,000. ಮಿತಿ 2.5 ಲಕ್ಷ ಅಲ್ವಾ? ದೂರು ಕೊಟ್ಟೆ, "ಸಿಸ್ಟಂ ಲೆಕ್ಕದ ಪ್ರಕಾರ ಸರಿ ಇದೆ" ಅಂತ ಒಂದು ಸಾಲು ಬರೆದು ಮುಚ್ಚಿಬಿಟ್ಟರು. ಇದನ್ನು ರಿಟರ್ನ್‌ನಲ್ಲಿ ತೋರಿಸಬೇಕಾ, ಬೇಡವಾ? ಯಾರಿಗಾದರೂ ಹೀಗಾಗಿದೆಯಾ?

ಕುಂದಾಪುರ_ಗಾಳಿ
ಐದು ವರ್ಷ ಆಗುವ ಮೊದಲೇ ದುಡ್ಡು ತೆಗೆದಿದ್ದೀರಿ ಅಂತ ಕಾಣುತ್ತೆ ಮಾರಾಯ್ರೆ. ಅದಕ್ಕೇ ಹಿಡಿಯೋದು. ನನ್ನ ತಮ್ಮನಿಗೂ ಹೀಗೇ ಆಗಿತ್ತು. 15ಜಿ ಕೊಡಬೇಕಿತ್ತು ನೀವು.

ಸುಸ್ತಾದ_ಸಂಬಳಗಾರ
ಒಂದು ಪೈಸೆ ತೆಗೆದಿಲ್ಲ ಸರ್. ಹನ್ನೊಂದು ವರ್ಷದಿಂದ ಒಂದೇ ಕಂಪನಿ, ಒಂದೇ ಖಾತೆ.

ಜಯನಗರ4ನೇಬ್ಲಾಕ್
ಇದು ಎಂಪ್ಲಾಯರ್ ಪಾಲಿನ ಕೇಸ್. ಕಂಪನಿ ಹಾಕೋ ಪಿಎಫ್, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಎಲ್ಲಾ ಸೇರಿ 7.5 ಲಕ್ಷ ದಾಟಿದರೆ ಅದರ ಬಡ್ಡಿಗೂ ತೆರಿಗೆ. 2020ರ ಬಜೆಟ್‌ನಲ್ಲಿ ಬಂದಿದ್ದು. ಎಚ್‌ಆರ್ ಹತ್ತಿರ 12ಬಿಎ ಕೇಳಿ, ಅದರಲ್ಲಿ ಇರುತ್ತೆ.

ಸುಸ್ತಾದ_ಸಂಬಳಗಾರ
ಕಂಪನಿಯೂ 18,000ವೇ ಹಾಕೋದು. ಎನ್‌ಪಿಎಸ್ ಇಲ್ಲ. 7.5 ಲಕ್ಷ ಎಲ್ಲಿಂದ ಬರುತ್ತೆ?

ಜಯನಗರ4ನೇಬ್ಲಾಕ್
ಸೂಪರ್‌ಆನ್ಯುಯೇಷನ್ ನೋಡಿದಿರಾ? ಎಷ್ಟೋ ಜನಕ್ಕೆ ತಮಗೆ ಅದು ಇದೆ ಅಂತಲೇ ಗೊತ್ತಿರಲ್ಲ. ಆಫರ್ ಲೆಟರ್ ತೆಗೆದು ನೋಡಿ.

ಸುಸ್ತಾದ_ಸಂಬಳಗಾರ
ನೋಡಿದೆ. ಇಲ್ಲ.

ಜಯನಗರ4ನೇಬ್ಲಾಕ್
ಹಾಗಾದರೆ ಕಂಪನಿಯವರು ತಪ್ಪು ಫೈಲ್ ಕಳಿಸಿದ್ದಾರೆ. ಎಚ್‌ಆರ್‌ನ ಹಿಡಿಯಿರಿ, ಬಿಡಬೇಡಿ.

ಖಾತೆಕಿರ್ದಿ
ಜಯನಗರ ಸರ್, 7.5 ಲಕ್ಷದ ದಾರಿ ಬಿಟ್ಟುಬಿಡಿ. ಅದು ಪರ್ಕ್ವಿಸಿಟ್. ಸಂಬಳಕ್ಕೆ ಸೇರಿಸಿ ಕಂಪನಿಯೇ 192ರ ಅಡಿಯಲ್ಲಿ ಹಿಡಿಯುತ್ತೆ. ಇವರ 26ಎಎಸ್‌ನಲ್ಲಿ 194ಎ ಅಂತಿದೆ, ಹಿಡಿದವರು ಪಿಎಫ್ ಕಚೇರಿ. ಅಂದರೆ ಇದು ನೌಕರರ ಸ್ವಂತ ಪಾಲಿನ ಮೇಲಿನ ಬಡ್ಡಿ, ಬೇರೇನೂ ಅಲ್ಲ.

ಸಂಬಳಗಾರರೇ, ಒಂದೇ ಪ್ರಶ್ನೆ. ಹಿಂದಿನ ವರ್ಷಗಳಲ್ಲಿ ಯಾವತ್ತಾದರೂ ವಿಪಿಎಫ್ ಹಾಕಿದ್ದಿರಾ?

ಸುಸ್ತಾದ_ಸಂಬಳಗಾರ
ಹಾಕಿದ್ದೆ. ತಿಂಗಳಿಗೆ 22,000 ಎಕ್ಸ್‌ಟ್ರಾ. 2022ರ ಏಪ್ರಿಲ್‌ನಲ್ಲಿ ಶುರು ಮಾಡಿ 2024ರ ಮಾರ್ಚ್‌ಗೆ ನಿಲ್ಲಿಸಿದೆ. ಆದರೆ ಈ ರಿಟರ್ನ್ 2024-25ರದ್ದು. ಆ ವರ್ಷ ವಿಪಿಎಫ್ ಸೊನ್ನೆ. ಅದಕ್ಕೇ ಮೊದಲು ಹೇಳಲಿಲ್ಲ.

ಕುಂದಾಪುರ_ಗಾಳಿ
ಅಯ್ಯೋ! ಮುಖ್ಯ ವಿಷಯವನ್ನೇ ಜೇಬಲ್ಲಿ ಇಟ್ಕೊಂಡಿದ್ರಲ್ಲ ಮಾರಾಯ್ರೆ.

ಖಾತೆಕಿರ್ದಿ
ಗಂಟು ಅಲ್ಲೇ ಇದೆ. 2021ರ ಏಪ್ರಿಲ್‌ನಿಂದ ನಿಮ್ಮ ಪಿಎಫ್ ಒಳಗೆ ಎರಡು ಡಬ್ಬಿ ಇದೆ ಅಂದುಕೊಳ್ಳಿ. 9ಡಿ ನಿಯಮ ಹೇಳೋದು ಇದನ್ನೇ. ಒಂದು ತೆರಿಗೆ ಇಲ್ಲದ ಡಬ್ಬಿ. 2021ರ ಮಾರ್ಚ್ 31ರವರೆಗಿನ ಪೂರ್ತಿ ದುಡ್ಡು, ಆಮೇಲೆ ವರ್ಷಕ್ಕೆ 2.5 ಲಕ್ಷದವರೆಗಿನ ನಿಮ್ಮ ಪಾಲು, ಅದರ ಬಡ್ಡಿ ಎಲ್ಲಾ ಅಲ್ಲಿ. ಇನ್ನೊಂದು ತೆರಿಗೆ ಡಬ್ಬಿ. 2.5 ಲಕ್ಷ ಮೀರಿದ್ದು ಅಲ್ಲಿಗೆ ಬೀಳುತ್ತೆ. ಬಿದ್ದದ್ದು ವರ್ಷ ಮುಗಿದರೂ ವಾಪಸ್ ಮೊದಲ ಡಬ್ಬಿಗೆ ಬರಲ್ಲ. ಅದರ ಬಡ್ಡಿಯೂ ಅಲ್ಲೇ ಸೇರುತ್ತೆ, ಮುಂದಿನ ವರ್ಷ ಆ ಬಡ್ಡಿಯ ಬಡ್ಡಿಗೂ ತೆರಿಗೆ. ನೀವು ವಿಪಿಎಫ್ ನಿಲ್ಲಿಸಿದ್ದರಿಂದ ಹೊಸದಾಗಿ ಬೀಳೋದು ನಿಂತಿತು. ಹಳೇದು ಅಲ್ಲೇ ಕೂತು ಬೆಳೀತಿದೆ.

ಪಾಸ್‌ಬುಕ್ ಪುಟದಲ್ಲಿ `Taxable Data` ಅಂತ ಟ್ಯಾಬ್ ಇದೆ. ಯಾರೂ ಒತ್ತಲ್ಲ. ಒತ್ತಿ ನೋಡಿ.

ಎಕ್ಸೆಲ್_ರಾಯ
ಲೆಕ್ಕ ಸುಲಭ. 40,000 × 12 = 4,80,000. ಮಿತಿ ಕಳೆದರೆ 2,30,000. ಮೊದಲ ವರ್ಷ ಬಡ್ಡಿ ದರ 8.15, ಅಂದರೆ 18,745. ನನ್ನ ಶೀಟ್‌ನಲ್ಲಿ ಇದೆಲ್ಲ ತಾನೇ ಬರುತ್ತೆ. ಪಿಎಫ್, ಪಿಪಿಎಫ್, ಮಕ್ಕಳ ಖಾತೆ, ಚಿನ್ನದ ಬಾಂಡ್ ಎಲ್ಲಾ ಹದಿನೇಳು ಟ್ಯಾಬ್. 2009ರಿಂದ ಒಂದು ತಿಂಗಳೂ ಬಿಟ್ಟಿಲ್ಲ.

ಖಾತೆಕಿರ್ದಿ
ಹದಿನೇಳು ಟ್ಯಾಬ್ ಇದ್ದರೂ ಇದು ತಪ್ಪು ಸರ್. 2.3 ಲಕ್ಷ ಏಪ್ರಿಲ್ 1ಕ್ಕೇ ಬಂದು ಕೂರಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಖಾತೆಗೆ ಬಂದದ್ದು 2.4 ಲಕ್ಷ, ಪೂರ್ತಿ ಮಿತಿಯೊಳಗೆ. ಅಕ್ಟೋಬರ್‌ನ 40,000ದಲ್ಲಿ 10,000 ಈ ಕಡೆ, 30,000 ಆ ಕಡೆ. ನವೆಂಬರ್‌ನಿಂದ ಪೂರ್ತಿ ಆ ಕಡೆ. ಪಿಎಫ್ ಬಡ್ಡಿ ತಿಂಗಳ ಬಾಕಿಯ ಮೇಲೆ, ಅದೂ ಹಾಕಿದ ಮುಂದಿನ ತಿಂಗಳಿನಿಂದ. ಅಕ್ಟೋಬರ್‌ನ 30,000ಕ್ಕೆ ಐದು ತಿಂಗಳು, ನವೆಂಬರ್‌ನದಕ್ಕೆ ನಾಲ್ಕು, ಹೀಗೇ ಇಳಿಯುತ್ತೆ. ಮಾರ್ಚ್‌ನದಕ್ಕೆ ಸೊನ್ನೆ. ಎಲ್ಲಾ ಸೇರಿ:

```
(30000×5 + 40000×(4+3+2+1)) × 8.15 / 1200 = 3735
```

2022-23ರ ತೆರಿಗೆ ಬಡ್ಡಿ ಬರೀ 3,735. 5,000ಕ್ಕಿಂತ ಕಡಿಮೆ, ಅದಕ್ಕೇ ಟಿಡಿಎಸ್ ಹಿಡಿಯಲಿಲ್ಲ. ಸಂಬಳಗಾರರಿಗೆ ಸುಳಿವೇ ಸಿಗಲಿಲ್ಲ. 2023-24ಕ್ಕೆ ದರ 8.25. ಆರಂಭದ ಬಾಕಿ 2,33,735ಕ್ಕೆ 19,283. ಆ ವರ್ಷ ಹೊಸದಾಗಿ ಬಿದ್ದದ್ದಕ್ಕೆ 3,781. ಕೂಡಿಸಿ ನೋಡಿ.

ಸುಸ್ತಾದ_ಸಂಬಳಗಾರ
23,064!! ಕರೆಕ್ಟಾಗಿ ಅದೇ ಅಂಕಿ ಮೇಡಂ. ಆದರೆ ಅದು 2023-24ರ ಬಡ್ಡಿ. 2024-25ರ 26ಎಎಸ್‌ನಲ್ಲಿ ಯಾಕೆ ಬಂತು?

ಖಾತೆಕಿರ್ದಿ
ಬಡ್ಡಿ ದರ ಅಂತಿಮವಾಗಿ ಖಾತೆಗೆ ಏರೋದು ವರ್ಷ ಮುಗಿದ ಮೇಲೆ. ಪಾಸ್‌ಬುಕ್‌ನಲ್ಲಿ `Int. Updated upto 31/03/2024` ಅಂತಿರುತ್ತೆ, ಆದರೆ ಆ ಸಾಲು ಬಂದಿದ್ದು ಎಷ್ಟೋ ತಿಂಗಳ ನಂತರ. ಏರಿಸಿದಾಗ ಟಿಡಿಎಸ್. ಹಾಗಾಗಿ ಒಂದು ವರ್ಷ ಹಿಂದೆ ಬೀಳುತ್ತೆ. 2024-25ರದ್ದು ಈ ಸಲ ಜುಲೈ ಹೊತ್ತಿಗೆ ಬಂತಲ್ಲ, ಅದರ ಟಿಡಿಎಸ್ ಮುಂದಿನ ವರ್ಷದ 26ಎಎಸ್‌ನಲ್ಲಿ ಕಾಣುತ್ತೆ. ವಿಪಿಎಫ್ ಇಲ್ಲದಿದ್ದರೂ ಆ ಬಡ್ಡಿ ಸುಮಾರು 40,000 ಇರಬೇಕು. 4.87 ಲಕ್ಷ ಕೂತಿದೆ ಆ ಡಬ್ಬಿಯಲ್ಲಿ.

ಮಾಜಿ_ಮೇಷ್ಟ್ರು
ನಮ್ಮ ಜಿಪಿಎಫ್‌ಗೆ ಈ ರಗಳೆ ಯಾವುದೂ ಇರಲಿಲ್ಲ ಬಿಡಿ. ಸರ್ಕಾರಿ ನೌಕರರಿಗೆ ಪೂರ್ತಿ ಮಾಫಿ.

ಖಾತೆಕಿರ್ದಿ
ಪೂರ್ತಿ ಅಲ್ಲ ಮೇಷ್ಟ್ರೇ. ಜಿಪಿಎಫ್‌ಗೆ ಸರ್ಕಾರ ತನ್ನ ಪಾಲು ಹಾಕಲ್ಲ, ಅದಕ್ಕೇ ಅಲ್ಲಿ ಮಿತಿ 5 ಲಕ್ಷ. ಮೀರಿದರೆ ಅಲ್ಲೂ ಇದೇ ಕಥೆ.

ಮಾಜಿ_ಮೇಷ್ಟ್ರು
5 ಲಕ್ಷ ಹಾಕೋ ಮೇಷ್ಟ್ರು ನಮ್ಮ ಜಿಲ್ಲೆಯಲ್ಲಿ ಯಾರಿದ್ದರು ತಾಯಿ!

ಸುಸ್ತಾದ_ಸಂಬಳಗಾರ
ಈಗ ನಾನು ಈ ರಿಟರ್ನ್‌ನಲ್ಲಿ ಬರೆಯೋದು 23,064ನಾ, 40,000ನಾ? ಎಲ್ಲಿ ಬರೆಯೋದು?

ಜಯನಗರ4ನೇಬ್ಲಾಕ್
26ಎಎಸ್‌ನಲ್ಲಿ ಏನಿದೆಯೋ ಅದು. 23,064 ತೋರಿಸಿ, 2,306 ಕ್ಲೈಮ್ ಮಾಡಿ, ಮುಗೀತು. ನಾನು ಮೂರು ವರ್ಷದಿಂದ ಹೀಗೇ ಮಾಡ್ತಿದ್ದೀನಿ, ಒಂದು ನೋಟಿಸ್ ಇಲ್ಲ.

ಖಾತೆಕಿರ್ದಿ
ನಿಮಗೂ ಇದೇ 194ಎ ಬರುತ್ತಾ? ಮತ್ತೆ ಅಷ್ಟೊತ್ತು 7.5 ಲಕ್ಷ ಅಂತ ಎಳೆದಾಡಿದಿರಲ್ಲ!

ಎಲ್ಲಿ ಅನ್ನೋದಕ್ಕೆ ಉತ್ತರ ಸುಲಭ. `Schedule OS`ನಲ್ಲಿ ಬಡ್ಡಿಯ ಸಾಲುಗಳ ಕೆಳಗೆ ಇದಕ್ಕೇ ಜಾಗ ಇದೆ:

```
Interest accrued on contributions to provident fund
to the extent taxable as per first proviso to section 10(12)
```

ಹೋಲುವ ನಾಲ್ಕು ಸಾಲು ಇವೆ. 10(11) ನಿಮ್ಮದಲ್ಲ. `second proviso` ಕಂಪನಿ ಪಾಲು ಇಲ್ಲದವರಿಗೆ. ಸುಮ್ನೆ ಬ್ಯಾಂಕ್ ಬಡ್ಡಿ ಜೊತೆ ಸೇರಿಸಬೇಡಿ. ತೆರಿಗೆ ಅಷ್ಟೇ ಬರುತ್ತೆ, ಆದರೆ ಆಮೇಲೆ ಯಾರಾದರೂ ಕೇಳಿದರೆ ಹುಡುಕೋದು ನೀವೇ.

ಎಷ್ಟು ಅನ್ನೋದರಲ್ಲಿ ನನಗೂ ಜಯನಗರ ಸರ್‌ಗೂ ಹೊಂದಲ್ಲ. ಸಾಲಿನಲ್ಲೇ `accrued` ಅಂತಿದೆ. ಆ ವರ್ಷ ಹುಟ್ಟಿದ ಬಡ್ಡಿ ಅಂದರೆ ಸುಮಾರು 40,000, ಪಾಸ್‌ಬುಕ್ ನೋಡಿ ಸರಿಯಾದ ಅಂಕಿ ಹಾಕಿ. ಆಗ 3,735 ಮತ್ತು 23,064 ಹಳೇ ವರ್ಷಗಳದ್ದು. ಅವನ್ನು ಐಟಿಆರ್-ಯು ಹಾಕಿ ಕೊಡಬೇಕು. 2023-24ಕ್ಕೆ ಮುಂದಿನ ಮಾರ್ಚ್ ಒಳಗೆ ಹಾಕಿದರೆ ತೆರಿಗೆ, ಬಡ್ಡಿ ಸೇರಿಸಿದ ಮೊತ್ತದ ಮೇಲೆ 25% ಹೆಚ್ಚು. 2022-23ಕ್ಕೆ 50%. ನೀವು 30% ಸ್ಲ್ಯಾಬ್ ಅಂದುಕೊಂಡರೆ 23,064ಕ್ಕೆ ಸೆಸ್ ಸೇರಿ ತೆರಿಗೆ ಸುಮಾರು 7,200.

ಜಯನಗರ4ನೇಬ್ಲಾಕ್
ಹಾಗೆ ಮಾಡಿದರೆ ಆದಾಯ ಒಂದು ವರ್ಷದಲ್ಲಿ, ಟಿಡಿಎಸ್ ಇನ್ನೊಂದರಲ್ಲಿ. ಪೋರ್ಟಲ್ ಒಪ್ಪಲ್ಲ. ಇತರೆ ಆದಾಯಕ್ಕೆ ಕೈಗೆ ಬಂದ ವರ್ಷದ ಲೆಕ್ಕ ಇಡೋದಕ್ಕೆ 145ನೇ ಸೆಕ್ಷನ್ ಬಿಡುತ್ತೆ. ಪ್ರತಿ ವರ್ಷ ಒಂದೇ ರೀತಿ ಮಾಡಿದರೆ ಸಾಕು.

ಖಾತೆಕಿರ್ದಿ
ಆ ಟಿಡಿಎಸ್‌ಗೆ ಫಾರ್ಮ್ 71 ಇದೆ. ಆದಾಯ ಮೊದಲೇ ತೋರಿಸಿ, ಟಿಡಿಎಸ್ ಆಮೇಲೆ ಹಿಡಿದವರಿಗೆ ಅಂತಲೇ 2023ರಲ್ಲಿ ಬಂದದ್ದು. ಹಿಡಿದ ಆರ್ಥಿಕ ವರ್ಷ ಮುಗಿದ ಎರಡು ವರ್ಷದೊಳಗೆ ಹಾಕಬೇಕು. ಒಂದು ಫಾರ್ಮ್ ಜಾಸ್ತಿ ಅನ್ನೋದು ನಿಜ. ಒಂದೇ ರೀತಿ ಮಾಡಬೇಕು ಅನ್ನೋದನ್ನು ಒಪ್ಪುತ್ತೇನೆ. ಒಂದು ವರ್ಷ ಪಾಸ್‌ಬುಕ್, ಇನ್ನೊಂದು ವರ್ಷ 26ಎಎಸ್ ಅಂತ ಹಾರಿದರೆ ಒಂದು ವರ್ಷದ ಬಡ್ಡಿ ಎರಡು ಸಲ ಬರುತ್ತೆ, ಇಲ್ಲಾ ಪೂರ್ತಿ ತಪ್ಪಿಹೋಗುತ್ತೆ. ನಿಮ್ಮ ದಾರಿಯಲ್ಲೂ 3,735 ಎಲ್ಲೂ ಬಂದಿಲ್ಲ, ನೆನಪಿರಲಿ. ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ.

ಎಕ್ಸೆಲ್_ರಾಯ
ಶೀಟ್ ಸರಿ ಮಾಡಿದೆ. ಈಗ ಹದಿನೆಂಟು ಟ್ಯಾಬ್. ಬೇಕಾದವರು ಮೆಸೇಜ್ ಮಾಡಿ. ನನ್ನದೂ 2021ರಿಂದ ತೆರಿಗೆ ಡಬ್ಬಿಯಲ್ಲಿ ಇದೆ ಅಂತ ಈಗ ಗೊತ್ತಾಯ್ತು, ಅದು ಬೇರೆ ಕಥೆ.

ಕುಂದಾಪುರ_ಗಾಳಿ
ಹದಿನಾರು ವರ್ಷದ ಶೀಟ್‌ಗೆ ಕಾಣದ್ದು ಒಂದು ಟ್ಯಾಬ್ ಒತ್ತಿದರೆ ಕಂಡಿತಲ್ಲ ರಾಯರೇ!

ಸುಸ್ತಾದ_ಸಂಬಳಗಾರ
`Taxable Data` ಒತ್ತಿದೆ. 2024-25ಕ್ಕೆ 40,160ರ ಆಸುಪಾಸು ಇದೆ, ಮೇಡಂ ಹೇಳಿದ ಹಾಗೇ. ನಾನು ಅದನ್ನೇ ಹಾಕಿ, 2023-24ಕ್ಕೆ ಐಟಿಆರ್-ಯು ಮಾಡೋಣ ಅಂದುಕೊಂಡಿದ್ದೀನಿ. ಹೆಂಡತಿ ಮಾತ್ರ ಜಯನಗರ ಸರ್ ಪಾರ್ಟಿ. ಸೆಪ್ಟೆಂಬರ್ 15ರವರೆಗೆ ಟೈಮ್ ಇದೆ, ಮನೆಯಲ್ಲಿ ಇನ್ನೂ ಚರ್ಚೆ ಆಗಬೇಕು.

ಒಂದು ಕೊನೇ ಪ್ರಶ್ನೆ. ಮನೆ ಕಟ್ಟೋಕೆ ಅಂತ ಅಡ್ವಾನ್ಸ್ ತೆಗೆದರೆ ಮೊದಲು ತೆರಿಗೆ ಡಬ್ಬಿಯಿಂದ ಕಳೀತಾರಾ? ಹಾಗಿದ್ದರೆ 4.87 ಲಕ್ಷ ಖಾಲಿ ಮಾಡಿ ಕೈತೊಳೆದುಕೊಳ್ಳಬಹುದಲ್ಲ.

ಖಾತೆಕಿರ್ದಿ
ನಿಯಮದಲ್ಲಿ ಎರಡೂ ಡಬ್ಬಿಗೆ "ಆ ಖಾತೆಯಿಂದ ತೆಗೆದದ್ದನ್ನು ಕಳೆದು" ಅಂತ ಬರೆದಿದ್ದಾರೆ. ಯಾವುದರಿಂದ ಮೊದಲು ಅಂತ ಬರೆದಿಲ್ಲ. ಅಡ್ವಾನ್ಸ್ ತೆಗೆದವರು ಯಾರಾದರೂ ಇದ್ದರೆ, ತೆಗೆದ ತಿಂಗಳ `Taxable Data` ನೋಡಿ ಎಷ್ಟು ಇಳಿದಿದೆ ಅಂತ ಇಲ್ಲಿ ಬರೆಯಿರಿ.

ಕುಂದಾಪುರ_ಗಾಳಿ
ತಮ್ಮನ್ನ ಕೇಳ್ತೆ. ಅವನು ಪೂರ್ತಿ ತೆಗೆದವನು, ಪ್ರಯೋಜನ ಇಲ್ಲ ಅಂತ ಕಾಣುತ್ತೆ.